ಕಾಲರ್ ಮೈಕ್ ಎಲ್ಲಿ ಕೂರುತ್ತದೆ ಎಂದು ನೋಡಿ, ಆಮೇಲೆ ಸೀರೆ ಆರಿಸಿ

ಭಾಷಣಕ್ಕೆ ಹೊರಡುವವರು ಉಟ್ಟಿದ್ದು ಚೆನ್ನಾಗಿ ಕಾಣುತ್ತದೆಯೇ ಎಂದು ಕನ್ನಡಿಯಲ್ಲಿ ನೋಡಿಕೊಳ್ಳುತ್ತಾರೆ. ವೇದಿಕೆಯ ಮೇಲೆ ಅವರನ್ನು ನೋಡುವುದು ಮುಕ್ಕಾಲು ಪಾಲು ಕ್ಯಾಮೆರಾ, ಕೇಳುವುದು ಮೈಕ್. ಕಣ್ಣಿಗೆ ಅಂದವಾಗಿ ಕಾಣುವ ಸಣ್ಣ ಚೌಕುಳಿ ಎಲ್‌ಇಡಿ ಪರದೆಯ ಮೇಲೆ ಹುಳ ಹರಿದಂತೆ ಮಿಡಿಯಬಹುದು. ಮನೆಯಲ್ಲಿ ಯಾರ ಕಿವಿಗೂ ಬೀಳದ ಬಳೆಯ ಸದ್ದು ಸಭಾಂಗಣದ ಕೊನೆಯ ಸಾಲಿಗೂ ಮುಟ್ಟಬಹುದು.

ಈ ತೊಂದರೆಗಳೆಲ್ಲ ಹೆಚ್ಚಾಗಿ ಹುಟ್ಟುವುದು ಒಂದೇ ಜಾಗದಲ್ಲಿ. ಗಲ್ಲದಿಂದ ಎದೆಯವರೆಗಿನ ಒಂದೂವರೆ ಗೇಣು. ಕ್ಯಾಮೆರಾದವರು ಹತ್ತಿರದ ಶಾಟ್ ಹಿಡಿಯುವುದು ಅಲ್ಲಿಯೇ, ಕಾಲರ್ ಮೈಕ್ ಸಿಕ್ಕಿಸುವುದು ಅಲ್ಲಿಯೇ, ಸರ ತೂಗುವುದೂ ಸೆರಗು ಮಡಚಿ ನಿಲ್ಲುವುದೂ ಅಲ್ಲಿಯೇ. ಆದ್ದರಿಂದ ಸೀರೆಯ ಒಡಲು, ನೆರಿಗೆ, ಚಪ್ಪಲಿಗಿಂತ ಮೊದಲು ಈ ಒಂದೂವರೆ ಗೇಣಿನಲ್ಲಿ ಏನಿರುತ್ತದೆ ಎಂದು ತೀರ್ಮಾನಿಸಿಕೊಂಡರೆ ಉಳಿದ ಆಯ್ಕೆ ಸುಲಭ.

ಒಂದು ಸಾಮಾನ್ಯ ಸಂದರ್ಭವನ್ನೇ ತೆಗೆದುಕೊಳ್ಳೋಣ. ಕಾಲೇಜಿನ ಸಭಾಂಗಣದಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ, ಇಪ್ಪತ್ತು ನಿಮಿಷದ ಉಪನ್ಯಾಸ. ಭಾಷಣಕಾರರ ಹಿಂದೆ ನಾಲ್ಕು ಮೀಟರ್ ಅಗಲದ ಎಲ್‌ಇಡಿ ವಾಲ್, ಎದುರಿಗೆ ಎರಡು ಕ್ಯಾಮೆರಾ, ಜೊತೆಗೆ ಯೂಟ್ಯೂಬ್ ನೇರಪ್ರಸಾರ. ಉಪನ್ಯಾಸಕಿ ಆರಿಸಿಕೊಂಡದ್ದು ಮೂರು ಮಿಲಿಮೀಟರಿನ ಚೌಕುಳಿ ಇರುವ ಉಡುಪಿ ಕೈಮಗ್ಗದ ಸೀರೆ, ಗುಳೇದಗುಡ್ಡ ಖಣದ ಕುಪ್ಪಸ, ಎರಡೂ ಕೈಗೆ ಡಜನ್ ಗಾಜಿನ ಬಳೆ, ಜುಮುಕಿ, ಉದ್ದನೆಯ ಮಾಂಗಲ್ಯದ ಸರ. ಎದುರು ಕುಳಿತು ನೋಡುವವರಿಗೆ ಇದು ತುಂಬ ಲಕ್ಷಣವಾದ ಉಡುಗೆ. ಕ್ಯಾಮೆರಾಕ್ಕೂ ಮೈಕಿಗೂ ಇದೇ ಉಡುಗೆ ಏನಾಗುತ್ತದೆ ಎಂದು ಒಂದೊಂದಾಗಿ ನೋಡಬಹುದು.

ಚೌಕುಳಿ ಮಿಡಿಯುವುದು ಏಕೆ

ಕ್ಯಾಮೆರಾದ ಸೆನ್ಸರ್ ಎಂದರೆ ಸಾಲುಸಾಲಾಗಿ ಜೋಡಿಸಿದ ಚುಕ್ಕಿಗಳ ಬಲೆ. ಬಟ್ಟೆಯ ಚೌಕುಳಿಯೂ ಒಂದು ಬಲೆಯೇ. ಎರಡು ಬಲೆಗಳ ಅಳತೆ ಹತ್ತಿರ ಹತ್ತಿರ ಬಂದಾಗ ಒಂದರ ಮೇಲೊಂದು ಬಿದ್ದು, ಎರಡರಲ್ಲೂ ಇಲ್ಲದ ಮೂರನೆಯ ವಿನ್ಯಾಸ ಕಾಣಿಸಿಕೊಳ್ಳುತ್ತದೆ. ಅಲೆಯಂಥ ಪಟ್ಟೆಗಳು, ಕೆಲವೊಮ್ಮೆ ನೀಲಿ-ಕಿತ್ತಳೆ ಬಣ್ಣದ ಛಾಯೆ. ಇದಕ್ಕೆ ಮ್ವಾರೆ ಎನ್ನುತ್ತಾರೆ. ಮನುಷ್ಯ ಉಸಿರಾಡಿದರೂ ಬಟ್ಟೆ ಸ್ವಲ್ಪ ಸರಿಯುವುದರಿಂದ ಈ ಅಲೆಗಳು ಸುಮ್ಮನೆ ನಿಲ್ಲದೆ ಹರಿದಾಡುತ್ತವೆ, ನೋಡುವವರ ಕಣ್ಣು ಮುಖ ಬಿಟ್ಟು ಅಲ್ಲಿಗೇ ಹೋಗುತ್ತದೆ.

ಎಷ್ಟು ಸಣ್ಣದಾದರೆ ತೊಂದರೆ ಎಂಬುದನ್ನು ಲೆಕ್ಕ ಹಾಕಿಯೇ ತಿಳಿಯಬಹುದು. ಒಂದು ಗೆರೆ ಮತ್ತು ಅದರ ಪಕ್ಕದ ಖಾಲಿ ಜಾಗ, ಇಷ್ಟನ್ನು ಬೇರೆ ಬೇರೆಯಾಗಿ ತೋರಿಸಲು ಕನಿಷ್ಠ ಎರಡು ಚುಕ್ಕಿ ಬೇಕು. ನಿಜದಲ್ಲಿ ಮೂರು-ನಾಲ್ಕು ಇದ್ದರೇ ನೆಮ್ಮದಿ. ಫುಲ್ ಎಚ್‌ಡಿ ಚಿತ್ರದ ಎತ್ತರ 1080 ಚುಕ್ಕಿ. ಸೊಂಟದಿಂದ ಮೇಲಿನ ಶಾಟ್‌ನಲ್ಲಿ ಆ ಎತ್ತರದೊಳಗೆ ಸುಮಾರು 80 ಸೆಂ.ಮೀ. ಹಿಡಿಸುತ್ತದೆ. ಅಂದರೆ ಒಂದು ಸೆಂಟಿಮೀಟರ್ ಬಟ್ಟೆಗೆ ಹದಿಮೂರೂವರೆ ಚುಕ್ಕಿ, ನಮ್ಮ ಮೂರು ಮಿಲಿಮೀಟರ್ ಚೌಕುಳಿಗೆ ನಾಲ್ಕು ಚುಕ್ಕಿ. ಇಲ್ಲಿ ಸೀರೆ ಹೇಗೋ ಪಾರಾಯಿತು.

ಅದೇ ಚಿತ್ರ ಎಲ್‌ಇಡಿ ವಾಲ್‌ಗೆ ಹೋದಾಗ ಕಥೆ ಬೇರೆ. ಸಮಾರಂಭಗಳಿಗೆ ಬಾಡಿಗೆಗೆ ಬರುವ ಪ್ಯಾನೆಲ್‌ಗಳಲ್ಲಿ ಬಹಳ ಬಳಕೆಯಲ್ಲಿರುವ ಒಂದು ಬಗೆಯಲ್ಲಿ ದೀಪದಿಂದ ದೀಪಕ್ಕೆ 3.9 ಮಿ.ಮೀ. ಅಂತರ ಇರುತ್ತದೆ, ಅರ್ಧ ಮೀಟರ್ ಅಗಲದ ಒಂದು ಪ್ಯಾನೆಲ್‌ನಲ್ಲಿ 128 ದೀಪ. ನಾಲ್ಕು ಮೀಟರ್ ಅಗಲಕ್ಕೆ ಎಂಟು ಪ್ಯಾನೆಲ್, ಒಟ್ಟು 1024 ದೀಪ. ಮಾಮೂಲಿ ವೈಡ್ ಚಿತ್ರಕ್ಕೆ ಎತ್ತರದಲ್ಲಿ ಸಿಗುವುದು ಹೆಚ್ಚುಕಡಿಮೆ 575. ಪರದೆ ಕಣ್ಣಿಗೆ ಎಷ್ಟೇ ದೊಡ್ಡದಾಗಿ ಕಂಡರೂ ಅದರ ಚುಕ್ಕಿಗಳು ನಿಮ್ಮ ಕೈಯಲ್ಲಿರುವ ಫೋನಿಗಿಂತ ಕಡಿಮೆ! ಅಲ್ಲಿ ಅದೇ ಚೌಕುಳಿಗೆ ಸಿಗುವುದು ಎರಡು ಚುಕ್ಕಿ ಮಾತ್ರ, ಮಿಡಿಯುವುದಕ್ಕೆ ಸರಿಯಾದ ಅಳತೆ. ಇನ್ನು ಎರಡನೆಯ ಕ್ಯಾಮೆರಾ ತಲೆಯಿಂದ ಕಾಲಿನವರೆಗೆ ಹಿಡಿದಾಗ, 220 ಸೆಂ.ಮೀ. ಎತ್ತರದ ನೋಟ 1080 ಚುಕ್ಕಿಯಲ್ಲಿ ಅಡಕವಾಗಬೇಕು. ಚೌಕುಳಿಗೆ ಒಂದೂವರೆ ಚುಕ್ಕಿ. ಈಗ ಚೌಕುಳಿಯ ಬದಲು ಸುಳ್ಳು ಅಲೆಗಳು ಸೀರೆಯ ತುಂಬ ಏಳುತ್ತವೆ.

ಸೆರಗನ್ನು ನೆರಿಗೆ ಹಿಡಿದು ಪಿನ್ ಮಾಡಿದಾಗ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಮಡಿಕೆಯಲ್ಲಿ ಓರೆಯಾಗಿ ತಿರುಗಿದ ಬಟ್ಟೆ ಕ್ಯಾಮೆರಾಕ್ಕೆ ಕಿರಿದಾಗಿ ಕಾಣುತ್ತದೆ, ಮೂರು ಮಿಲಿಮೀಟರ್ ಅಲ್ಲಿ ಎರಡಕ್ಕೆ ಇಳಿಯುತ್ತದೆ. ಖಣದ ಕುಪ್ಪಸದಲ್ಲಿ ಒತ್ತೊತ್ತಾಗಿ ಕೂತ ಸಣ್ಣ ಬುಟ್ಟಾ ಇದೇ ಕಾರಣಕ್ಕೆ ತೋಳಿನ ಗುಂಡಗಿನ ಅಂಚಿನಲ್ಲಿ ಮೊದಲು ಮಿಡಿಯಲು ಶುರುಮಾಡುತ್ತದೆ.

ಹಾಗಾದರೆ ಏನು ಉಡಬಹುದು? ಎದೆಯ ಭಾಗದಲ್ಲಿ ಖಾಲಿ ಬಣ್ಣ ಇದ್ದರೆ ಯಾವ ಪರದೆಗೂ ಅಡ್ಡಿಯಿಲ್ಲ. ವಿನ್ಯಾಸ ಬೇಕೇಬೇಕು ಎನ್ನುವವರು ಎರಡು-ಮೂರು ಸೆಂ.ಮೀ. ದೊಡ್ಡ ಬುಟ್ಟಾ, ನಡುವೆ ಧಾರಾಳ ಜಾಗ ಬಿಟ್ಟದ್ದನ್ನು ಆರಿಸಬಹುದು. ಕ್ರಮ ತಪ್ಪಿದ ವಿನ್ಯಾಸ, ಉದಾಹರಣೆಗೆ ಬಾಟಿಕ್ ಅಥವಾ ಕೈಯಿಂದ ಬರೆದ ಕಲಂಕಾರಿ, ಸಣ್ಣದಾಗಿದ್ದರೂ ಅಷ್ಟಾಗಿ ಮಿಡಿಯುವುದಿಲ್ಲ, ಏಕೆಂದರೆ ಮ್ವಾರೆ ಏಳಲು ಒಂದೇ ಅಳತೆಯ ಪುನರಾವರ್ತನೆ ಬೇಕು. ಹಾಗೆಯೇ ಗೆರೆಗೂ ನೆಲದ ಬಣ್ಣಕ್ಕೂ ವ್ಯತ್ಯಾಸ ತೀರಾ ಕಡಿಮೆಯಿದ್ದರೆ, ಕಂದಿನ ಮೇಲೆ ತುಸು ಗಾಢ ಕಂದು ಎಂಬಂತೆ, ಕ್ಯಾಮೆರಾ ಅದನ್ನು ಖಾಲಿ ಬಟ್ಟೆಯೆಂದೇ ತಿಳಿಯುತ್ತದೆ. ಅತಿ ಕೆಟ್ಟದ್ದು ಬಿಳಿಯ ಮೇಲೆ ಕಪ್ಪು ಅಥವಾ ಕಡುನೀಲಿಯ ಸಣ್ಣ ಗೆರೆ. ಗಂಡಸರ ಆಫೀಸ್ ಶರ್ಟುಗಳಲ್ಲಿ ಇದೇ ಜಾಸ್ತಿ. ಒಂದು ಮಿಲಿಮೀಟರ್ ಗೆರೆಯ ಶರ್ಟನ್ನು ದೂರದ ಕ್ಯಾಮೆರಾ ಬರೀ ಬೂದು ಎಂದು ತೋರಿಸಿ, ಹತ್ತಿರದ ಕ್ಯಾಮೆರಾ ಕಾಮನಬಿಲ್ಲು ಮಾಡಿ ತೋರಿಸುತ್ತದೆ. ಕೋಟಿನೊಳಗೆ ಹಾಕಿದರೂ ಕುತ್ತಿಗೆಯ ಕೆಳಗಿನ ಆ ತ್ರಿಕೋನ ಸಾಕು.

ಮನೆಯಲ್ಲೇ ಪರೀಕ್ಷಿಸುವುದು ಕಷ್ಟವಲ್ಲ. ಫೋನ್ ಕ್ಯಾಮೆರಾವನ್ನು 1080 ವೀಡಿಯೊಗೆ ಇಟ್ಟು, ಮೂರು ಮೀಟರ್ ದೂರದಿಂದ ಒಮ್ಮೆ, ಆರು ಮೀಟರ್ ದೂರದಿಂದ ಒಮ್ಮೆ ಚಿತ್ರಿಸಿ. ನಿಂತಲ್ಲೇ ನಿಧಾನವಾಗಿ ಪಕ್ಕಕ್ಕೆ ತಿರುಗಬೇಕು, ಏಕೆಂದರೆ ಮ್ವಾರೆ ಚಲನೆಯಲ್ಲಿ ಚೆನ್ನಾಗಿ ಕಾಣುತ್ತದೆ. ಆಮೇಲೆ ಆ ವೀಡಿಯೊವನ್ನು ಎರಡು ರೀತಿ ನೋಡಿ. ಹಿಗ್ಗಿಸಿ ನೋಡಿದಾಗಲೂ ಅಲೆ ಇದ್ದರೆ ಅದು ಕ್ಯಾಮೆರಾದಲ್ಲೇ ದಾಖಲಾಗಿದೆ, ಆ ಬಟ್ಟೆ ಬೇಡ. ಕುಗ್ಗಿಸಿ ನೋಡಿದಾಗ ಮಾತ್ರ ಬಂದರೆ ಅದು ಪರದೆಗೆ ಇಳಿಸುವಾಗ ಹುಟ್ಟಿದ್ದು. ಎಲ್‌ಇಡಿ ವಾಲ್ ಇರುವ ಕಡೆ ಅದೂ ಬೇಡ, ಬರೀ ಪೋಡಿಯಂ ಇರುವ ಸಣ್ಣ ಸಭೆಗೆ ನಡೆಯುತ್ತದೆ.

ಹೊಳಪು ಮುಖವನ್ನು ಕಪ್ಪಾಗಿಸುತ್ತದೆ

ಬಟ್ಟೆಯ ಮೇಲೆ ಬಿದ್ದ ಬೆಳಕು ಎರಡು ರೀತಿ ಹಿಂದಿರುಗುತ್ತದೆ. ಒರಟು ಹತ್ತಿಯ ಮೇಲೆ ಬಿದ್ದದ್ದು ಎಲ್ಲ ದಿಕ್ಕಿಗೂ ಚೆದುರಿ, ಬಟ್ಟೆಯ ಬಣ್ಣವನ್ನು ಹೊತ್ತು ಬರುತ್ತದೆ. ಸ್ಯಾಟಿನ್, ಜರಿ, ಮಿನುಗುಬಿಲ್ಲೆಗಳ ಮೇಲೆ ಬಿದ್ದದ್ದು ಕನ್ನಡಿಯಿಂದ ಬಂದಂತೆ ಒಂದೇ ದಿಕ್ಕಿಗೆ ಚಿಮ್ಮುತ್ತದೆ. ವೇದಿಕೆಯ ದೀಪಗಳು ಸಾಮಾನ್ಯವಾಗಿ ಎದುರಿನಿಂದ, ಮೇಲಿನಿಂದ, ಓರೆಯಾಗಿ ಬೀಳುತ್ತವೆ. ಮಾತಿನ ನಡುವೆ ಮೈ ಸ್ವಲ್ಪ ವಾಲಿದರೆ ಸಾಕು, ಆ ಚಿಮ್ಮು ನೇರವಾಗಿ ಲೆನ್ಸಿಗೆ ಹೊಡೆಯುತ್ತದೆ. ಚಿತ್ರದಲ್ಲಿ ಆ ಭಾಗ ಬಣ್ಣವಿಲ್ಲದ ಬಿಳಿ ಕಲೆಯಾಗುತ್ತದೆ.

ಕಲೆಯಷ್ಟೇ ಆದರೆ ಸಹಿಸಬಹುದಿತ್ತು. ಬೆಳಕನ್ನು ತಾನೇ ಹೊಂದಿಸಿಕೊಳ್ಳುವ ಆಟೋ ಎಕ್ಸ್‌ಪೋಷರ್ ಕ್ಯಾಮೆರಾ, ಅದರಲ್ಲೂ ಫೋನಿನಲ್ಲಿ ನಡೆಸುವ ನೇರಪ್ರಸಾರ, ಈ ಬಿಳಿಯನ್ನು ತಗ್ಗಿಸಲು ಇಡೀ ಚಿತ್ರವನ್ನು ಮಂಕು ಮಾಡುತ್ತದೆ. ಮಂಕಾಗುವುದು ಮುಖ. ಭಾಷಣಕಾರರು ವಾಲಿದಾಗಲೆಲ್ಲ ಮುಖ ಕಪ್ಪಾಗಿ, ನೇರ ನಿಂತಾಗ ಬೆಳಗಿ, ವೀಡಿಯೊ ಉಸಿರಾಡುವಂತೆ ಕಾಣುತ್ತದೆ. ಅಪ್ಪಟ ಬಿಳಿ ಪಂಚೆ-ಜುಬ್ಬಾದಲ್ಲೂ ಇದೇ ಆಗುತ್ತದೆ, ಹೊಳಪಿಲ್ಲದಿದ್ದರೂ. ಕೆನೆ ಬಣ್ಣ ಅಥವಾ ತಿಳಿ ಬೂದು ಹಾಕಿದರೆ ಕ್ಯಾಮೆರಾದ ಮೇಲಿನ ಹೊರೆ ಇಳಿಯುತ್ತದೆ, ಎದುರಿನವರಿಗೆ ಅದು ಬಿಳಿಯಾಗಿಯೇ ಕಾಣುತ್ತದೆ.

ರೇಷ್ಮೆಯೇ ಬೇಡವೇ? ಬೇಡವೆಂದು ಹೇಳಬೇಕಾಗಿಲ್ಲ. ಮೈಸೂರು ರೇಷ್ಮೆಯ ಕ್ರೇಪ್ ನೇಯ್ಗೆಗೆ ಚೆನ್ನಾಗಿ ಹುರಿ ಹಾಕಿದ ನೂಲು ಬಳಸುತ್ತಾರೆ. ಆ ಹುರಿಯಿಂದ ಬಟ್ಟೆಯ ಮೇಲ್ಮೈ ಕಣಕಣವಾಗಿ, ಬೆಳಕನ್ನು ಚೆದುರಿಸುತ್ತದೆ. ನಯವಾಗಿ ಹೊಳೆಯುವ ಬ್ರೊಕೇಡಿಗೆ ಹೋಲಿಸಿದರೆ ವೇದಿಕೆಗೆ ಇದು ಎಷ್ಟೋ ವಾಸಿ, ನಮ್ಮ ಮಟ್ಟಿಗೆ ರೇಷ್ಮೆಗಳಲ್ಲಿ ಮೊದಲ ಆಯ್ಕೆಯೇ ಇದು. ತೊಂದರೆ ಅಂಚಿನ ಜರಿಯದು. ನೆರಿಗೆ ಹಿಡಿದ ಸೆರಗಿನಲ್ಲಿ ಅಂಚು ಎಲ್ಲಕ್ಕಿಂತ ಮೇಲಿನ ಮಡಿಕೆಯಾಗಿ, ಎದೆಯ ಮಧ್ಯೆ, ಗಲ್ಲಕ್ಕೆ ಹತ್ತಿರ ಬಂದು ಕೂರುತ್ತದೆ. ಒಂದು ಅಥವಾ ಎರಡು ಬೆರಳಗಲದ ಅಂಚಾದರೆ ಚಿಂತೆಯಿಲ್ಲ. ನಾಲ್ಕು ಬೆರಳಿಗಿಂತ ಅಗಲವಿದ್ದರೆ, ಎದೆಯ ಬಳಿ ಆ ಮೇಲಿನ ಮಡಿಕೆಯನ್ನು ಒಳಕ್ಕೆ ತಿರುಗಿಸಿ ಖಾಲಿ ರೇಷ್ಮೆ ಹೊರಗೆ ಬರುವಂತೆ ಪಿನ್ ಮಾಡಬಹುದು. ಕಾಲ ಬಳಿಯ ಅಂಚು ಹೇಗೂ ಎಲ್ಲರಿಗೂ ಕಾಣುತ್ತದೆ.

ಯಾವ ಬಟ್ಟೆ ಯಾವ ಗುಂಪಿಗೆ ಎಂದು ತಿಳಿಯಲು ರಾತ್ರಿ ಕೋಣೆಯ ದೀಪ ಆರಿಸಿ, ಸೀರೆಯನ್ನು ಕುರ್ಚಿಯ ಬೆನ್ನಿಗೆ ಇಳಿಬಿಟ್ಟು, ಎರಡು ಮೀಟರ್ ದೂರದಿಂದ ಫೋನಿನ ಟಾರ್ಚನ್ನು ನಿಮ್ಮ ಕಣ್ಣಿನ ಪಕ್ಕ ಹಿಡಿದು ನೋಡಿ. ಟಾರ್ಚ್ ಅಲುಗಿಸಿದಾಗ ಬಟ್ಟೆಯ ಮೇಲೆ ಬಿಳಿ ಮಿಂಚು ಓಡಾಡಿದರೆ ಅದು ಕನ್ನಡಿಯ ಗುಂಪು. ಬಣ್ಣವೇ ಸ್ವಲ್ಪ ಬೆಳಗಿ ಅಲ್ಲೇ ನಿಂತರೆ ವೇದಿಕೆಗೆ ಯೋಗ್ಯ.

ಮೈಕಿಗೆ ಬಳೆ ಹತ್ತಿರ, ಬಾಯಿ ದೂರ

ಈಗ ಸದ್ದಿನ ವಿಷಯ. ಕೈಯಲ್ಲಿ ಹಿಡಿಯುವ ಮೈಕ್ ಬಾಯಿಂದ ನಾಲ್ಕೈದು ಸೆಂ.ಮೀ. ದೂರದಲ್ಲಿರುತ್ತದೆ. ಕಾಲರ್ ಮೈಕ್ ಗಲ್ಲದಿಂದ ಎರಡು ಮುಷ್ಟಿ ಕೆಳಗೆ, ಅಂದರೆ 15ರಿಂದ 20 ಸೆಂ.ಮೀ. ದೂರದಲ್ಲಿ. ದೂರ ಹೆಚ್ಚಾದಷ್ಟೂ ಧ್ವನಿ ಇಳಿಯುವುದರಿಂದ ಸೌಂಡ್ ಸಿಸ್ಟಮ್‌ನವರು ಗೇನ್, ಅಂದರೆ ಮೈಕ್ ಹಿಡಿದ ಸದ್ದನ್ನು ಹಿಗ್ಗಿಸುವ ಪ್ರಮಾಣವನ್ನು, ಏರಿಸುತ್ತಾರೆ. ಸಾಮಾನ್ಯ ಕಾಲರ್ ಮೈಕ್ ಎಲ್ಲ ದಿಕ್ಕಿನಿಂದಲೂ ಒಂದೇ ರೀತಿ ಕೇಳಿಸಿಕೊಳ್ಳುತ್ತದೆ. ಮಾತಾಡುತ್ತ ಕೈ ಎತ್ತಿದಾಗ ಬಳೆ ಮೈಕಿನಿಂದ ಹತ್ತು ಸೆಂ.ಮೀ. ದೂರಕ್ಕೆ ಬಂದರೆ, ಇಪ್ಪತ್ತು ಸೆಂ.ಮೀ. ದೂರದ ಬಾಯಿಗಿಂತ ಬಳೆಗೇ ಆರು ಡೆಸಿಬೆಲ್ ಅನುಕೂಲ. ಅದಲ್ಲದೆ ಗಾಜಿನ ಕಿಣಿಕಿಣಿ ತೀಕ್ಷ್ಣವಾದ ಮೇಲಿನ ಸ್ವರದಲ್ಲಿರುತ್ತದೆ. ಸ, ಶ, ತ, ಚ ಮೊದಲಾದ ವ್ಯಂಜನಗಳು ಸ್ಪಷ್ಟವಾಗುವುದೂ ಆ ಮೇಲಿನ ಭಾಗದಿಂದಲೇ. ಸೌಂಡ್‌ನವರು ಕಿಣಿಕಿಣಿಯನ್ನು ತಗ್ಗಿಸಲು ಹೋದರೆ ಮಾತೂ ಮಂದವಾಗುತ್ತದೆ. ಅದಕ್ಕೇ ಇದನ್ನು ಕೈಯಲ್ಲೇ ಸರಿಮಾಡಬೇಕು, ಮಿಕ್ಸರಿನಲ್ಲಿ ಆಗುವುದಿಲ್ಲ.

ಬಳೆ ಪೂರ್ತಿ ಬಿಚ್ಚಲು ಮನಸ್ಸಿಲ್ಲದವರಿಗೆ ದಾರಿಯಿದೆ. ಸದ್ದು ಬರುವುದು ಬಳೆಗೆ ಬಳೆ ತಾಗಿದಾಗ. ಕೈಗೆ ಒಂದೇ ದಪ್ಪ ಬಳೆಯಿದ್ದರೆ ತಾಗಲು ಜೊತೆಯಿಲ್ಲ. ಹಲವು ಬೇಕಾದರೆ ಅದೇ ಬಣ್ಣದ ದಾರದಿಂದ ಎಲ್ಲವನ್ನೂ ಎರಡು ಕಡೆ ಸೇರಿಸಿ ಬಿಗಿಯಾಗಿ ಸುತ್ತಿದರೆ ಅವು ಒಂದೇ ಬಳೆಯಂತೆ ಸರಿಯುತ್ತವೆ, ದೂರಕ್ಕೆ ದಾರ ಕಾಣುವುದೂ ಇಲ್ಲ. ಕೈ ಮೈಕ್ ಕೊಡುತ್ತಾರೆಂದು ಗೊತ್ತಿದ್ದರೆ ಮೈಕ್ ಹಿಡಿಯುವ ಕೈಯ ಉಂಗುರವನ್ನೂ ತೆಗೆಯಿರಿ. ಲೋಹದ ಹಿಡಿಗೆ ಉಂಗುರ ಟಕ್ ಎಂದಾಗ ಆ ಅದುರು ಗಾಳಿಯನ್ನೂ ಕಾಯದೆ ನೇರ ಮೈಕಿನೊಳಗೆ ಹೋಗುತ್ತದೆ. ಪೋಡಿಯಂ ಮೈಕಿನಲ್ಲಿ ಇದೇ ಕೆಲಸವನ್ನು ಮರದ ಹಲಗೆ ಮಾಡುತ್ತದೆ, ಬಳೆಯ ಕೈಯನ್ನು ಹಲಗೆಗೆ ಊರಿದರೆ ಪ್ರತಿ ಸಲವೂ ಬಡಿತ ಕೇಳುತ್ತದೆ.

ಸರ ಇನ್ನೂ ಹತ್ತಿರದ ವೈರಿ, ಏಕೆಂದರೆ ಅದು ಮೈಕಿಗೇ ತಾಗುತ್ತದೆ. ಪದಕವನ್ನು ಬೆರಳಿನಿಂದ ಎಡಕ್ಕೆ ಬಲಕ್ಕೆ ತೂಗಿ, ಅದು ಎಲ್ಲಿಯವರೆಗೆ ಹೋಗುತ್ತದೆ ನೋಡಿಕೊಳ್ಳಿ. ಮೈಕ್ ಆ ವೃತ್ತದ ಹೊರಗೆ, ಕನಿಷ್ಠ ಮೂರು ಬೆರಳು ಆಚೆ ಇರಬೇಕು. ಮಾಂಗಲ್ಯವನ್ನು ತೆಗೆಯುವ ಪ್ರಶ್ನೆಯೇ ಇಲ್ಲದಿದ್ದರೆ ಕುಪ್ಪಸದೊಳಗೆ ಇಳಿಸಿ, ತಾಳಿಯ ಮೇಲೆ ಔಷಧದ ಅಂಗಡಿಯಲ್ಲಿ ಸಿಗುವ ಮೈಕ್ರೋಪೋರ್ ಟೇಪಿನ ಒಂದು ತುಂಡಿನಿಂದ ಮೈಗೆ ಅಂಟಿಸಿದರೆ ಎರಡು ತಾಳಿ ತಮ್ಮಲ್ಲೇ ಬಡಿದಾಡುವುದೂ ನಿಲ್ಲುತ್ತದೆ. ಕೆನ್ನೆಯ ಪಕ್ಕ ಬರುವ ಹೆಡ್‌ಸೆಟ್ ಮೈಕ್ ಆದರೆ ಸರದ ಕಾಟ ಕಡಿಮೆ, ಜುಮುಕಿಯದು ಹೆಚ್ಚು. ತಲೆ ಆಡಿಸಿದಾಗಲೆಲ್ಲ ಜುಮುಕಿ ಆ ಸಣ್ಣ ಕಡ್ಡಿಗೆ ಹೊಡೆಯುತ್ತದೆ. ಅಲ್ಲಿ ಕಿವಿಗೆ ಅಂಟಿದಂತೆ ಕೂರುವ ಓಲೆಯೇ ಸರಿ.

ಬಟ್ಟೆಯೂ ಸದ್ದು ಮಾಡುತ್ತದೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಖಾದಿ, ಆರ್ಗಾಂಜಾ, ಟಿಶ್ಯೂ ಸೀರೆ ಇವು ಸರಸರ ಎನ್ನುವುದರಲ್ಲಿ ಮುಂದು. ಬಟ್ಟೆಯನ್ನು ಕಿವಿಯ ಹತ್ತಿರ ಹಿಡಿದು ಎರಡು ಬೆರಳಲ್ಲಿ ಉಜ್ಜಿ. ಒಣ ಎಲೆ ಮುರಿದಂತೆ ಕೇಳಿಸಿದರೆ ಮೈಕಿಗೂ ಹಾಗೆಯೇ ಕೇಳಿಸುತ್ತದೆ. ಇಂಥ ಸೀರೆಯನ್ನು ಒಂದೆರಡು ಸಲ ಒಗೆದು ಗಂಜಿ ಬಿಟ್ಟ ಮೇಲೆ ಉಡುವುದು ಮೇಲು. ಜರಿಯ ಅಂಚಿಗೆ ಮೈಕ್ ಸಿಕ್ಕಿಸಿದರೆ ಲೋಹದ ಎಳೆ ವೈರಿಗೆ ಕೆರೆದು ಕರಕರ ಶಬ್ದ ಬರುತ್ತದೆ, ಅದು ಕೇಬಲ್ ಹಾಳಾದಂತೆಯೇ ಕೇಳಿಸಿ ಸೌಂಡ್‌ನವರು ಬ್ಯಾಟರಿ, ಪ್ಲಗ್ ಎಲ್ಲ ಬದಲಿಸಿ ಸುಸ್ತಾಗುತ್ತಾರೆ. ವ್ಯತ್ಯಾಸ ತಿಳಿಯುವುದು ಹೀಗೆ: ಅಲುಗದೆ ನಿಂತು ಮಾತಾಡಿದಾಗ ಕರಕರ ನಿಂತರೆ ಅದು ಬಟ್ಟೆಯದು, ನಿಂತರೂ ನಡುನಡುವೆ ಬಂದರೆ ಕೇಬಲಿನದು ಅಥವಾ ರೇಡಿಯೊ ಸಂಪರ್ಕದ್ದು.

ಮೈಕ್ ಹಿಡಿಯಲು ಅಂಚು, ಪೆಟ್ಟಿಗೆ ಹೊರಲು ಸೊಂಟ

ಕಾಲರ್ ಮೈಕಿನ ಕ್ಲಿಪ್ ಹಿಡಿಯಲು ಗಟ್ಟಿಯಾದ ಅಂಚು ಬೇಕು. ನೆರಿಗೆ ಹಿಡಿದ ಸೆರಗು ಇದಕ್ಕೆ ಒಳ್ಳೆಯದು: ನಾಲ್ಕೈದು ಪದರ ಒಟ್ಟಿಗೆ ಸಿಕ್ಕಿದಾಗ ಕ್ಲಿಪ್ ಅಲುಗುವುದಿಲ್ಲ, ಪದರಗಳೂ ಒಂದಕ್ಕೊಂದು ಉಜ್ಜುವುದಿಲ್ಲ. ಒಂದೇ ಪದರವಾಗಿ ಇಳಿಬಿಟ್ಟ ಸೆರಗು ಮೈಕಿನ ಮೇಲೆಯೇ ಜಾರಿ ಮುಚ್ಚುತ್ತದೆ. ಸೆರಗು ಎಡ ಹೆಗಲಿನಲ್ಲಿರುವುದರಿಂದ ಮೈಕೂ ಎಡಕ್ಕೆ ಬರುತ್ತದೆ. ಹಾಗಿದ್ದಾಗ ಸ್ಲೈಡ್ ತೋರಿಸುವ ಪರದೆ ನಿಮ್ಮ ಎಡಕ್ಕಿದ್ದರೆ ಅನುಕೂಲ, ತಿರುಗಿ ನೋಡಿದಾಗಲೂ ಬಾಯಿ ಮೈಕಿನ ಕಡೆಗೇ ಇರುತ್ತದೆ. ಬಲಕ್ಕಿದ್ದರೆ ಮೈಕನ್ನು ಕುಪ್ಪಸದ ಕುತ್ತಿಗೆಯ ಮಧ್ಯಕ್ಕೆ ತರಬೇಕು, ಅದಕ್ಕೆ ಕುತ್ತಿಗೆ ತೀರಾ ಆಳವಿರಬಾರದು. ಕ್ಲಿಪ್ಪಿನ ಕೆಳಗೆ ವೈರನ್ನು ಒಂದು ಸಣ್ಣ ಸುತ್ತು ಹಾಕಿ ಬಟ್ಟೆಯ ಒಳಬದಿಗೆ ಟೇಪಿನಿಂದ ಅಂಟಿಸಿ. ಆಗ ವೈರ್ ಎಳೆದರೂ ಎಳೆತ ಆ ಸುತ್ತಿಗೇ ಮುಗಿಯುತ್ತದೆ, ಮೈಕ್ ತನಕ ಹೋಗುವುದಿಲ್ಲ.

ವೈರಿನ ಇನ್ನೊಂದು ತುದಿಯ ಟ್ರಾನ್ಸ್‌ಮಿಟರ್ ಇಸ್ಪೀಟು ಕಟ್ಟಿನಷ್ಟು ದೊಡ್ಡದು. ಲಂಗದ ಲಾಡಿಗೆ ಸಿಕ್ಕಿಸಿದರೆ ಅದರ ಭಾರಕ್ಕೆ ನೆರಿಗೆ ಜಗ್ಗುತ್ತದೆ. ಸೀರೆ ಉಡುವ ಮೊದಲೇ ಲಂಗದ ಮೇಲೆ ಎರಡು ಇಂಚು ಅಗಲದ ಬಟ್ಟೆಯ ಬೆಲ್ಟ್ ಕಟ್ಟಿಕೊಂಡರೆ ಪೆಟ್ಟಿಗೆ ಬೆನ್ನ ಹಿಂದೆ ಅಲುಗದೆ ನಿಲ್ಲುತ್ತದೆ. ಮೇಲೆ ಲೋಹದ ಡಾಬು ಹಾಕುವವರು ಅದನ್ನು ಈ ದಿನ ಬಿಡುವುದು ಲೇಸು, ಆಂಟೆನಾ ಪಕ್ಕದ ಲೋಹ ರೇಡಿಯೊ ಅಲೆಗೆ ಅಡ್ಡ ನಿಲ್ಲುತ್ತದೆ. ಆಂಟೆನಾವನ್ನು ಮಡಚಿ ಸಿಕ್ಕಿಸುವುದೂ ಬೇಡ. ಜುಬ್ಬಾ-ಪೈಜಾಮದವರಿಗೆ ಪಕ್ಕದ ಜೇಬು ಸಾಕು, ಫೋನನ್ನು ಮಾತ್ರ ಅದೇ ಜೇಬಿನಲ್ಲಿ ಇಡಬಾರದು. ಜುಬ್ಬಾದ ಗುಂಡಿಪಟ್ಟಿ ಮೈಕಿಗೆ ಸರಿಯಾದ ಅಂಚು. ಹೆಗಲ ಮೇಲಿನ ಶಲ್ಯ ಪ್ರತಿ ಕೈಚಲನೆಗೂ ಜಾರಿ ಮೈಕನ್ನು ಒರೆಸಿಕೊಂಡು ಹೋಗುವುದರಿಂದ ಅದನ್ನು ಪಿನ್ ಮಾಡಿ, ಇಲ್ಲವೇ ಮೈಕಿಲ್ಲದ ಹೆಗಲಿಗೆ ಹಾಕಿ.

ನಮ್ಮ ಸಭೆಗಳಲ್ಲಿ ಇನ್ನೊಂದಿದೆ. ಭಾಷಣಕ್ಕೆ ಮೊದಲು ರಿಬ್ಬನ್ನಿನ ಬ್ಯಾಡ್ಜ್ ಚುಚ್ಚುತ್ತಾರೆ, ಶಾಲು ಹೊದಿಸುತ್ತಾರೆ, ಹಾರ ಹಾಕುತ್ತಾರೆ. ಬೆಳಗಿನಿಂದ ಮಾಡಿದ ತಯಾರಿ ಅರ್ಧ ನಿಮಿಷದಲ್ಲಿ ಮುಚ್ಚಿಹೋಗುತ್ತದೆ. ಶಾಲು ಮೈಕಿನ ಮೇಲೆ ಬಿದ್ದರೆ ಮಾತು ಕಂಬಳಿಯೊಳಗಿಂದ ಬಂದಂತೆ ಮಂದ, ಹಾರದ ಜರಿ ಎಳೆಗಳು ತಾಗಿದರೆ ಸರಸರ. ಬ್ಯಾಡ್ಜನ್ನು ಮೈಕಿನ ಎದುರು ಬದಿಗೆ ಚುಚ್ಚಲು ಮೊದಲೇ ಹೇಳಿಬಿಡಿ. ಸನ್ಮಾನ ಮುಗಿಯುವವರೆಗೆ ಮೈಕನ್ನು ಮ್ಯೂಟ್ ಮಾಡಿರಲು ಸೌಂಡ್‌ನವರಿಗೆ ಸೂಚಿಸಿ. ಶಾಲು-ಹಾರವನ್ನು ತೆಗೆದು ಕುರ್ಚಿಯ ಮೇಲೆ ಮಡಚಿಟ್ಟು ಪೋಡಿಯಂಗೆ ಬಂದರೆ ಯಾರೂ ಅದನ್ನು ಅಗೌರವ ಎಂದು ಭಾವಿಸುವುದಿಲ್ಲ. ತೆಗೆದಾದ ಮೇಲೆ ಮೈಕ್ ಇನ್ನೂ ಬಾಯಿಯ ಕಡೆಗೇ ಮುಖಮಾಡಿದೆಯೇ ಎಂದು ಬೆರಳಿನಿಂದ ತಡವಿ ನೋಡುವುದು ಮರೆಯಬೇಡಿ, ಹಾರ ಎತ್ತುವಾಗ ಕ್ಲಿಪ್ ತಿರುಗಿಹೋಗುವುದು ಬಹಳ ಸಲ.

ಹಾಗಾದರೆ ನಮ್ಮ ಉಪನ್ಯಾಸಕಿ ಏನು ಬದಲಿಸಬೇಕು? ಉಡುಪಿ ಸೀರೆಯ ಮೇಲೆ ಮನಸ್ಸಿದ್ದರೆ ಚೌಕುಳಿ ಬಿಟ್ಟು ಖಾಲಿ ಒಡಲಿನದು. ಖಣದ ಕುಪ್ಪಸದ ಬದಲು ಖಾಲಿ ಹತ್ತಿಯ ಕುಪ್ಪಸ, ತೋಳಿನ ತುದಿಗೆ ಮಾತ್ರ ಎರಡು ಬೆರಳು ಖಣದ ಪಟ್ಟಿ. ಕೈಗೆ ಒಂದೊಂದೇ ಬಳೆ, ಮಾಂಗಲ್ಯ ಒಳಗೆ. ಕಾಲರ್ ಮೈಕ್ ಆದ್ದರಿಂದ ಜುಮುಕಿ ಇರಲಿ, ಹೆಗಲು ಮುಟ್ಟುವಷ್ಟು ಉದ್ದವಿಲ್ಲದಿದ್ದರೆ ಅದು ಮೈಕಿನಿಂದ ದೂರವೇ ಇರುತ್ತದೆ.

ಹಿಂದಿನ ದಿನ ಎಲ್ಲವನ್ನೂ ತೊಟ್ಟು, ಫೋನಿನ ವೈರ್ ಇಯರ್‌ಫೋನಿನಲ್ಲಿರುವ ಮೈಕನ್ನು ಸೆರಗಿಗೆ ಸಿಕ್ಕಿಸಿ ರೆಕಾರ್ಡ್ ಮಾಡಿಕೊಳ್ಳಬಹುದು. ಮೊದಲ ಅರ್ಧ ನಿಮಿಷ ಮಾತಾಡದೆ ಹತ್ತು ಹೆಜ್ಜೆ ನಡೆಯಿರಿ, ಕೈ ಎತ್ತಿ ಇಳಿಸಿ, ತಲೆ ಎರಡೂ ಬದಿಗೆ ತಿರುಗಿಸಿ, ಬಗ್ಗಿ ನೀರಿನ ಲೋಟ ತೆಗೆದುಕೊಳ್ಳಿ. ಮುಂದಿನ ಅರ್ಧ ನಿಮಿಷ ಅದನ್ನೇ ಮಾತಾಡುತ್ತ ಮಾಡಿ. ಕೇಳುವಾಗ ಮೊದಲ ಭಾಗದಲ್ಲಿ ಯಾವ ಚಲನೆಗೆ ಯಾವ ಸದ್ದು ಎಂದು ಗೊತ್ತಾಗುತ್ತದೆ. ಎರಡನೆಯ ಭಾಗದಲ್ಲೂ ಅದು ಮಾತಿನ ಮೇಲೆ ಕೇಳಿಸುತ್ತಿದ್ದರೆ ಅಂಥದ್ದನ್ನು ಮಾತ್ರ ಕಳಚಿದರೆ ಸಾಕು. ಉಳಿದದ್ದು ಮೈಮೇಲೆ ಇರಲಿ.